ಮೂರು ಕಾಗದ, ಮೂರು ತಾರೀಕು: ಯಾವುದನ್ನು ಸರಿ ಎಂದು ಹಿಡಿಯಬೇಕು?

ಪ್ರಶ್ನೆ: ನಾನು ಕಾರವಾರದ ಬಳಿಯ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಸಿಬ್ಬಂದಿ ಕಡತಗಳನ್ನೂ ಸಂಬಳದ ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಸುಮಾರು 140 ಜನರಿದ್ದಾರೆ. ಕಳೆದ ವರ್ಷ ಎಕ್ಸೆಲ್ ಬಿಟ್ಟು ಹೊಸ ಪೇರೋಲ್ ಸಾಫ್ಟ್‌ವೇರಿಗೆ ಬಂದೆವು. ಈಗ ಆಡಿಟರ್ 10 ಕಡತ ತೆಗೆದು ನೋಡಿ, 4ರಲ್ಲಿ ಆಫರ್ ಲೆಟರ್, ನೇಮಕಾತಿ ಪತ್ರ, ಪೇರೋಲ್ ಮಾಸ್ಟರ್ ಮೂರೂ ತಾಳೆಯಾಗುವುದಿಲ್ಲ ಎಂದಿದ್ದಾರೆ. ಹುದ್ದೆ, ಸೇರಿದ ದಿನಾಂಕ, ಸಂಬಳ, ಎಲ್ಲದರಲ್ಲೂ ವ್ಯತ್ಯಾಸವಿದೆ. ಯಾವುದನ್ನು ಸರಿ ಎಂದು ಹಿಡಿಯಲಿ? ಉಳಿದ ಕಡತಗಳನ್ನು ಹೇಗೆ ನೋಡಲಿ?

ಉತ್ತರ: ಮೂರರಲ್ಲಿ ಒಂದನ್ನು ಆರಿಸಿಕೊಂಡು ಎಲ್ಲ ವಿಷಯಕ್ಕೂ ಅದೇ ಸರಿ ಎಂದು ಹಿಡಿಯಲು ಬರುವುದಿಲ್ಲ. ಆಫರ್ ಲೆಟರ್ ಎಂಬುದು ಮುಂದೆ ಹೀಗೆ ಮಾಡುತ್ತೇವೆ ಎಂಬ ಮಾತು, ನೇಮಕಾತಿ ಪತ್ರವು ಎರಡೂ ಕಡೆಯವರು ಸಹಿ ಹಾಕಿದ ಕರಾರು, ಮಾಸ್ಟರ್ ಎಂಬುದು ಆ ಕರಾರನ್ನು ನೋಡಿ ಯಾರೋ ಒಬ್ಬರು ಕಂಪ್ಯೂಟರಿಗೆ ಏರಿಸಿದ ನಕಲು. ಹುದ್ದೆಗೂ ಸಂಬಳಕ್ಕೂ ನೇಮಕಾತಿ ಪತ್ರ ಮತ್ತು ಆಮೇಲೆ ಹೊರಟ ಬಡ್ತಿ, ವೇತನ ಪರಿಷ್ಕರಣೆಯ ಆದೇಶಗಳೇ ಆಧಾರ. ಆದರೆ ಸೇರಿದ ದಿನಾಂಕಕ್ಕೆ ಈ ಮೂರರಲ್ಲಿ ಯಾವುದೂ ಆಧಾರವಲ್ಲ. ಅದನ್ನು ತೀರ್ಮಾನಿಸುವುದು ಕೆಲಸಕ್ಕೆ ಹಾಜರಾದ ವರದಿ ಮತ್ತು ಆ ತಿಂಗಳ ಹಾಜರಿ ಪುಸ್ತಕ. ಆಡಿಟರ್ ತೋರಿಸಿದ ನಾಲ್ಕು ಕಡತಗಳಲ್ಲಿ ನೀವು ಮೊದಲು ದಿನಾಂಕವನ್ನು ನೋಡಬೇಕು ಎಂದು ನನ್ನ ಸಲಹೆ, ಏಕೆಂದರೆ ಸಾಫ್ಟ್‌ವೇರ್ ಬದಲಾಯಿಸಿದ ಸಂಸ್ಥೆಗಳಲ್ಲಿ ಒಂದೇ ಬಗೆಯ ತಪ್ಪು ಹತ್ತಾರು ಜನರ ಮೇಲೆ ಒಟ್ಟಿಗೆ ಬಿದ್ದಿರುವುದು ಅಲ್ಲಿಯೇ.

ನಮ್ಮ ಕರಾವಳಿಯದೇ ಇನ್ನೊಂದು ಘಟಕದಲ್ಲಿ ನಾನು ನೋಡಿದ ಒಂದು ಕಡತವನ್ನು ಬಿಡಿಸಿ ಹೇಳಿದರೆ ಉಳಿದದ್ದು ತಾನಾಗಿಯೇ ಸ್ಪಷ್ಟವಾಗುತ್ತದೆ. ಕುಮಟಾ ಕಡೆಯ ಹುಡುಗನೊಬ್ಬನಿಗೆ ಗುಣಮಟ್ಟ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಜುಲೈ 31ಕ್ಕೆ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿಯುವುದರಿಂದ, ಅದಕ್ಕೂ ಎರಡು ವಾರ ಮೊದಲೇ ಈ ವಿಭಾಗದವರನ್ನು ಕರೆಸಿಕೊಳ್ಳುವುದು ಅಲ್ಲಿಯ ರೂಢಿ. ಆಫರ್ ಲೆಟರ್ 2024ರ ಜೂನ್ 28ರದ್ದು, ಅದರಲ್ಲಿ ಸೇರಬೇಕಾದ ದಿನ ಜುಲೈ 18. ನೇಮಕಾತಿ ಪತ್ರವನ್ನೂ ಅದೇ ದಿನಾಂಕ ಹಾಕಿ ಮುಂಚಿತವಾಗಿಯೇ ಮುದ್ರಿಸಿಟ್ಟಿದ್ದರು. ಅಷ್ಟರಲ್ಲಿ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಆ ಹುಡುಗ ಕೆಲಸಕ್ಕೆ ಹಾಜರಾದದ್ದು ಆಗಸ್ಟ್ 5, ಸೋಮವಾರ. ಆ ದಿನ ಅವನ ಮುಂದೆ ಇಟ್ಟದ್ದು ಜುಲೈ 18 ಎಂದು ಮುದ್ರಿಸಿದ್ದ ಅದೇ ಪತ್ರ. ಅವನು ಸಹಿ ಹಾಕಿ, ಸಹಿಯ ಕೆಳಗೆ ನೀಲಿ ಬಾಲ್‌ಪೆನ್ನಿನಲ್ಲಿ 05/08/24 ಎಂದು ಬರೆದಿದ್ದ. ಮುದ್ರಿತ ತಾರೀಕನ್ನು ತಿದ್ದಬೇಕೆಂದು ಮೇಜಿನ ಆಚೆ ಕುಳಿತವರಿಗೆ ಹೊಳೆಯಲಿಲ್ಲ. ಮರುವರ್ಷ ಹೊಸ ಸಾಫ್ಟ್‌ವೇರಿಗೆ ಮಾಹಿತಿ ಸಾಗಿಸಿದ ಮೇಲೆ ಮಾಸ್ಟರ್‌ನಲ್ಲಿ ಕಂಡ ದಿನಾಂಕ 2024ರ ಮೇ 8. ಅಂದರೆ ಆಫರ್ ಲೆಟರ್ ಹುಟ್ಟುವುದಕ್ಕೂ ಏಳು ವಾರ ಮೊದಲು.

ಈ ಮೇ 8 ಎಲ್ಲಿಂದ ಬಂತು ಎಂಬುದೇ ನೀವು ಹಿಡಿಯಬೇಕಾದ ಎಳೆ. ಹಳೆಯ ಪಟ್ಟಿಯಲ್ಲಿ 05/08/2024 ಎಂದಿತ್ತು. ಅದನ್ನು ಸಾಗಿಸಿದ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿತ್ತು, ಅಲ್ಲಿ ಮೊದಲು ಬರುವುದು ತಿಂಗಳು. ಹಾಗಾಗಿ ಆಗಸ್ಟ್ 5 ಹೋಗಿ ಮೇ 8 ಆಯಿತು. ಈ ತಪ್ಪಿನ ಸ್ವಭಾವ ಸ್ವಲ್ಪ ಕಪಟದ್ದು. ತಾರೀಕು 12ರ ಒಳಗಿದ್ದರೆ ಮಾತ್ರ ಅದು ತಿಂಗಳಾಗಿ ತಿರುಗಬಲ್ಲದು, ಆದ್ದರಿಂದ 1ರಿಂದ 12ರವರೆಗಿನ ದಿನಾಂಕಗಳು ಸದ್ದಿಲ್ಲದೆ ಅದಲುಬದಲಾಗುತ್ತವೆ. 18/07/2024 ಎಂಬಂಥವುಗಳಿಗೆ ಹದಿನೆಂಟನೆಯ ತಿಂಗಳೇ ಇಲ್ಲವಾದ್ದರಿಂದ ಎಕ್ಸೆಲ್ ಅವುಗಳನ್ನು ದಿನಾಂಕವೆಂದೇ ಒಪ್ಪದೆ ಬರೀ ಅಕ್ಷರವಾಗಿ ಉಳಿಸುತ್ತದೆ, ಸಾಫ್ಟ್‌ವೇರ್ ಆ ಸಾಲುಗಳನ್ನು ತಿರಸ್ಕರಿಸುತ್ತದೆ. ಆಗ ಕಚೇರಿಯವರು ತಿರಸ್ಕೃತವಾದವನ್ನು ಮಾತ್ರ ಕಡತ ನೋಡಿ ಕೈಯಿಂದ ಏರಿಸುತ್ತಾರೆ, ಅವು ಸರಿಯಾಗುತ್ತವೆ. ತಪ್ಪಾದವು ತಕರಾರಿಲ್ಲದೆ ಒಳಗೆ ಹೋಗಿದ್ದರಿಂದ ಅವುಗಳತ್ತ ಯಾರೂ ತಿರುಗಿ ನೋಡುವುದಿಲ್ಲ.

ನಿಮ್ಮಲ್ಲಿಯೂ ಹೀಗೇ ಆಗಿದೆಯೇ ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ಮಾಸ್ಟರ್ ತೆರೆದು, ಸೇರಿದ ದಿನಾಂಕದ ಪ್ರಕಾರ ಜೋಡಿಸಿ, ಜನವರಿ 8ರಂದು ಎಷ್ಟು ಜನ ಸೇರಿದ್ದಾರೆ ಎಂದು ನೋಡಿ. ಮೀನಿನ ಕೆಲಸದಲ್ಲಿ ಹೊಸಬರು ಗುಂಪಾಗಿ ಸೇರುವುದು ಹಂಗಾಮು ಶುರುವಾಗುವ ಆಗಸ್ಟ್ 1ಕ್ಕೆ, ಮತ್ತು 01/08 ತಿರುವುಮುರುವಾದರೆ ಜನವರಿ 8 ಆಗುತ್ತದೆ. ವರ್ಷ ವರ್ಷವೂ ಜನವರಿ 8ರಂದೇ ಏಳೆಂಟು ಜನ ಸೇರಿದಂತೆ ಕಂಡರೆ ಬೇರೆ ಸಾಕ್ಷಿ ಬೇಕಾಗಿಲ್ಲ. ಹಾಗೆಯೇ, ಒಂದೇ ತಾರೀಕಿಗೆ ಮೂವತ್ತು ನಲವತ್ತು ಜನ ಸೇರಿದಂತೆ ಕಂಡು, ಆ ತಾರೀಕು ಸಾಫ್ಟ್‌ವೇರ್ ಶುರುವಾದ ದಿನವೇ ಆಗಿದ್ದರೆ, ಖಾಲಿ ಬಿಟ್ಟ ಜಾಗಕ್ಕೆ ಸಾಫ್ಟ್‌ವೇರ್ ತಾನೇ ತುಂಬಿಕೊಂಡ ದಿನಾಂಕ ಅದು. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಏಕೆಂದರೆ ಅದಲುಬದಲಾದದ್ದನ್ನು ಮತ್ತೆ ತಿರುಗಿಸಬಹುದು, ಹೀಗೆ ತುಂಬಿದ್ದರಲ್ಲಿ ಹಳೆಯ ದಿನಾಂಕದ ಕುರುಹೇ ಉಳಿದಿರುವುದಿಲ್ಲ. ಹತ್ತು ವರ್ಷ ದುಡಿದವರ ಸೇವೆ ಕಳೆದ ವರ್ಷದಿಂದ ಶುರುವಾದಂತಾಗಿ, ಗ್ರಾಚ್ಯುಟಿಯ ಲೆಕ್ಕ ಬಂದಾಗ ದೊಡ್ಡ ಗಲಾಟೆಯಾಗುತ್ತದೆ.

ಪೂರ್ಣ ಪರಿಶೀಲನೆಗೆ ಒಂದು ಹೊಸ ಹಾಳೆ ಮಾಡಿಕೊಳ್ಳಿ. ಅದರಲ್ಲಿ ಮಾಸ್ಟರ್‌ನ ಅಂಕಿಗಳನ್ನು ಮೊದಲು ತರಬೇಡಿ. ಒಬ್ಬರು ಕಡತ ನೋಡಿ ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು, ಇಬ್ಬರ ಮುಂದೆಯೂ ಮಾಸ್ಟರ್ ತೆರೆದಿರಬಾರದು. ಪರದೆಯ ಮೇಲೆ 08-05-2024 ಕಾಣುತ್ತಿದ್ದರೆ ಕಾಗದದ ಮೇಲಿನ 05/08/24 ಕೂಡ ಕಣ್ಣಿಗೆ ಅದರಂತೆಯೇ ಕಾಣುತ್ತದೆ. ನಾನೇ ಹಾಗೆ ಎರಡು ಸಲ ಏಮಾರಿದ್ದೇನೆ. ಎಲ್ಲವನ್ನೂ ಏರಿಸಿ ಮುಗಿದ ಮೇಲೆ ಮಾಸ್ಟರ್‌ನ ಕಾಲಂ ತಂದು ಪಕ್ಕದಲ್ಲಿ ಜೋಡಿಸಿ. ಜೋಡಿಸುವಾಗ ಹೆಸರನ್ನು ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ಗಣಪತಿ ನಾಯ್ಕ ಎಂದು ಕರೆದರೆ ಒಂದೇ ಪಾಳಿಯಲ್ಲಿ ಮೂವರು ತಿರುಗಿ ನೋಡುವುದುಂಟು, ಅವರಲ್ಲಿ ಒಬ್ಬನ ಅಡ್ಡಹೆಸರು ಒಂದು ಕಾಗದದಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ ಎಂದಿರುವುದೂ ಉಂಟು. ಸಿಬ್ಬಂದಿ ಸಂಖ್ಯೆಯಿಂದಲೇ ಜೋಡಿಸಬೇಕು. ಆಫರ್ ಲೆಟರ್‌ನಲ್ಲಿ ಮಾತ್ರ ಆ ಸಂಖ್ಯೆ ಇರುವುದಿಲ್ಲ, ಅದು ಕೆಲಸಕ್ಕೆ ಸೇರಿದ ಮೇಲೆ ಸಿಗುವಂಥದ್ದು. ಅದಕ್ಕಾಗಿ ಆಫರ್ ಲೆಟರ್‌ನ ಉಲ್ಲೇಖ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆಗೆ ಒಂದೊಂದು ಕಾಲಂ ಇಟ್ಟು ಕೈಯಿಂದ ಒಮ್ಮೆ ಕೊಂಡಿ ಹಾಕಿಕೊಳ್ಳಿ. 140 ಜನರಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಈಗ C ಕಾಲಂನಲ್ಲಿ ಹಾಜರಾದ ವರದಿಯ ದಿನಾಂಕ, D ಕಾಲಂನಲ್ಲಿ ಮಾಸ್ಟರ್‌ನ ದಿನಾಂಕ ಇದೆ ಎಂದುಕೊಳ್ಳೋಣ. ಮೂರು ಸೂತ್ರಗಳು ಸಾಕು.

```
=IF(ISNUMBER(D2),"","TEXT")
=IF(D2=C2,"",D2-C2)
=AND(D2<>C2,DATE(YEAR(D2),DAY(D2),MONTH(D2))=C2)
```

ಮೊದಲನೆಯದು ದಿನಾಂಕದಂತೆ ಕಂಡರೂ ಒಳಗೆ ಬರೀ ಅಕ್ಷರವಾಗಿರುವ ಸಾಲುಗಳನ್ನು ತೋರಿಸುತ್ತದೆ. ಅವುಗಳನ್ನು ಮೊದಲು ಸರಿಪಡಿಸದಿದ್ದರೆ ಉಳಿದ ಎರಡೂ ಅರ್ಥವಿಲ್ಲದ ಉತ್ತರ ಕೊಡುತ್ತವೆ. ಎರಡನೆಯದು ಎಷ್ಟು ದಿನಗಳ ವ್ಯತ್ಯಾಸ ಎಂದು ಹೇಳುತ್ತದೆ. ಮೂರನೆಯದು ಮಾಸ್ಟರ್‌ನ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿ, ಆಗ ಅದು ವರದಿಯ ದಿನಾಂಕಕ್ಕೆ ಸರಿಹೊಂದುತ್ತದೆಯೇ ಎಂದು ನೋಡುತ್ತದೆ. TRUE ಬಂದ ಸಾಲುಗಳೆಲ್ಲ ಸಾಗಾಟದಲ್ಲಿ ಕೆಟ್ಟವು, ಮನುಷ್ಯರು ಕೆಡಿಸಿದ್ದಲ್ಲ. ಕುಮಟಾದ ಹುಡುಗನ ಸಾಲಿನಲ್ಲಿ ಎರಡನೆಯ ಸೂತ್ರ -89 ಎಂದೂ ಮೂರನೆಯದು TRUE ಎಂದೂ ತೋರಿಸಿದವು.

ಹಾಜರಾದ ವರದಿಯೇ ಕಡತದಲ್ಲಿಲ್ಲದಿದ್ದರೆ ಏನು ಮಾಡುವುದು ಎಂದು ನೀವು ಕೇಳಬಹುದು, ಮತ್ತು ಅದು ಬಹಳ ಕಡತಗಳಲ್ಲಿ ಇರುವುದಿಲ್ಲ. ಆಗ ಮೊದಲ ತಿಂಗಳ ಸಂಬಳ ಚೀಟಿಯನ್ನು ತೆಗೆಯಿರಿ. ಆ ಹುಡುಗನ 2024ರ ಆಗಸ್ಟ್ ಚೀಟಿಯಲ್ಲಿ ಸಂಬಳ ಕೊಟ್ಟ ದಿನಗಳು 27 ಎಂದಿತ್ತು. ಆಗಸ್ಟ್‌ಗೆ 31 ದಿನ, 4 ದಿನ ಹೋಗಿದೆ, ಹಾಗಾದರೆ ಸೇರಿದ್ದು 5ನೆಯ ತಾರೀಕು. ಸೇರಿದ ತಿಂಗಳಲ್ಲೇ ಸಂಬಳವಿಲ್ಲದ ರಜೆ ಹಾಕಿದ್ದರೆ ಈ ಲೆಕ್ಕ ತಪ್ಪುತ್ತದೆ, ಆದ್ದರಿಂದ ಹಾಜರಿ ಪುಸ್ತಕದ ಮೊದಲ ಹಾಜರಿಯನ್ನೂ ಜೊತೆಗೆ ನೋಡಬೇಕು. ಪಿಎಫ್ ಪೋರ್ಟಲಿನಲ್ಲಿರುವ ದಿನಾಂಕವೂ ಒಂದು ಸಾಕ್ಷಿ, ಆದರೆ ಅದನ್ನು ಯಾವ ಪಟ್ಟಿ ನೋಡಿ ಏರಿಸಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ. ಈ ಹುಡುಗನ ವಿವರವನ್ನು ಅವನು ಬಂದ ವಾರವೇ ಕೈಯಿಂದ ಏರಿಸಿದ್ದರಿಂದ ಅಲ್ಲಿ ಆಗಸ್ಟ್ 5 ಎಂದೇ ಇತ್ತು, ಆ ಸಾಕ್ಷಿಗೆ ಬೆಲೆ ಇತ್ತು. ಕೆಟ್ಟ ಪಟ್ಟಿಯಿಂದಲೇ ಪಿಎಫ್‌ಗೂ ಕಳುಹಿಸಿದ್ದರೆ, ಎರಡು ಕಡೆ ಒಂದೇ ತಾರೀಕು ಕಂಡಿತೆಂದು ಸಮಾಧಾನಪಡುವುದರಲ್ಲಿ ಹುರುಳಿಲ್ಲ. ಪಿಎಫ್‌ನಲ್ಲಿಯೇ ತಪ್ಪಿದ್ದರೆ ನೌಕರ ಮತ್ತು ಸಂಸ್ಥೆ ಸೇರಿ ಜಂಟಿ ಘೋಷಣೆ ಸಲ್ಲಿಸಿ ತಿದ್ದಿಸಬೇಕಾಗುತ್ತದೆ; ಇಲ್ಲವಾದರೆ ಹಿಂದಿನ ಕೆಲಸದ ಸೇವಾವಧಿಯೂ ನಿಮ್ಮಲ್ಲಿಯ ಸೇವಾವಧಿಯೂ ಒಂದರ ಮೇಲೊಂದು ಬಿದ್ದಂತೆ ಕಾಣಬಹುದು.

89 ದಿನಗಳಿಂದ ಏನು ಮಹಾ ಎನ್ನುವವರಿಗೆ ಒಂದು ಮಾತು. ಕಾಯಂ ನೌಕರರಿಗೆ ಗ್ರಾಚ್ಯುಟಿಯ ಹಕ್ಕು ಐದು ವರ್ಷದ ಸೇವೆಯ ಮೇಲೆ ನಿಂತಿದೆ, ಆರು ತಿಂಗಳು ಮೀರಿದ ತುಂಡು ಅವಧಿಯನ್ನು ಪೂರ್ತಿ ಒಂದು ವರ್ಷವೆಂದು ಎಣಿಸಲಾಗುತ್ತದೆ. ಸೇವೆ ಆ ಅಂಚಿನಲ್ಲಿ ನಿಂತಿದ್ದಾಗ ಮೂರು ತಿಂಗಳ ತಪ್ಪು ಒಂದಿಡೀ ವರ್ಷದ ಹಣವನ್ನು ಆಚೀಚೆ ಮಾಡುತ್ತದೆ. ಪರೀಕ್ಷಾವಧಿ ಮುಗಿಯುವ ದಿನವೂ ಇದನ್ನೇ ಹಿಂಬಾಲಿಸುತ್ತದೆ.

ಸಂಬಳದ ವ್ಯತ್ಯಾಸಕ್ಕೆ ಬಂದರೆ, ಮೊದಲು ಸುಳ್ಳು ವ್ಯತ್ಯಾಸಗಳನ್ನು ಬದಿಗೆ ಸರಿಸಬೇಕು. 2021ರ ನೇಮಕಾತಿ ಪತ್ರದಲ್ಲಿ 16,000, ಇಂದಿನ ಮಾಸ್ಟರ್‌ನಲ್ಲಿ 19,200 ಇದ್ದರೆ ಅದು ತಪ್ಪಲ್ಲ. ನಡುವೆ 900, 1,100, 1,200ರ ಮೂರು ಪರಿಷ್ಕರಣಾ ಆದೇಶಗಳು ಕಡತದಲ್ಲಿದ್ದರೆ ಲೆಕ್ಕ ಸರಿಹೋಯಿತು. ಮೂರರಲ್ಲಿ ಒಂದು ಆದೇಶ ಕಾಣೆಯಾಗಿದ್ದರೆ ಅದು ಕಾಗದದ ಕೊರತೆಯೇ ಹೊರತು ಸಂಬಳದ ತಪ್ಪಲ್ಲ, ಅದನ್ನು ಬೇರೆ ಗುಂಪಿನಲ್ಲಿ ಬರೆದುಕೊಳ್ಳಿ. ನಿಮ್ಮ ಆಡಿಟರ್ ಹೇಳಿದ ನಾಲ್ಕರಲ್ಲಿ ಒಂದೆರಡು ಈ ಜಾತಿಯವು ಇದ್ದರೆ ನನಗೆ ಆಶ್ಚರ್ಯವಿಲ್ಲ.

ನಿಜವಾದ ವ್ಯತ್ಯಾಸಕ್ಕೂ ಅದೇ ಹುಡುಗನ ಕಡತವನ್ನು ನೋಡೋಣ. ಆಫರ್ ಲೆಟರ್‌ನಲ್ಲಿ ವಾರ್ಷಿಕ ಸಿಟಿಸಿ 2,64,000, ಅಂದರೆ ತಿಂಗಳಿಗೆ 22,000 ಎಂದಿತ್ತು. ಅದರ ಅನುಬಂಧದಲ್ಲಿ ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ 4,564, ಹೀಗೆ ಒಟ್ಟು ವೇತನ 19,564. ಅದರ ಮೇಲೆ ಸಂಸ್ಥೆಯ ಪಾಲಿನ ಪಿಎಫ್ 1,800 ಮತ್ತು ಇಎಸ್‌ಐ 636 ಸೇರಿ 22,000 ಆಗುತ್ತಿತ್ತು. ನೇಮಕಾತಿ ಪತ್ರ ಬರೆದವರು ಅನುಬಂಧವನ್ನು ಬಿಟ್ಟು, ತಿಂಗಳ ವೇತನ ರೂ. 22,000 ಎಂದು ಒಂದೇ ಸಾಲು ಹಾಕಿದ್ದರು. ಮಾಸ್ಟರ್‌ಗೆ ಏರಿಸಿದವರು ಆ ಸಾಲನ್ನು ನೋಡಿ ಒಟ್ಟು ವೇತನವನ್ನೇ 22,000 ಮಾಡಿದರು. ಮೂಲ ವೇತನ ಮತ್ತು ಬಾಡಿಗೆ ಭತ್ಯೆ ಕಳೆದು ಉಳಿದ 2,436ನ್ನು ಸಾಫ್ಟ್‌ವೇರ್ ಇತರ ಭತ್ಯೆ ಎಂಬ ಖಾನೆಗೆ ತಾನೇ ಹಾಕಿಕೊಂಡಿತು. ಹೀಗೆ ಯಾವ ಪತ್ರದಲ್ಲೂ ಇಲ್ಲದ ಭತ್ಯೆಯೊಂದು ಬಿಡಿ ಅಂಕಿಯಲ್ಲಿ ಕಂಡರೆ ಅದು ಈ ಕಾಯಿಲೆಯ ಲಕ್ಷಣ. ಪರಿಣಾಮ ಎರಡು. ಸಂಸ್ಥೆಗೆ ಅವನ ಖರ್ಚು 22,000ಕ್ಕೆ ಬದಲಾಗಿ 23,800 ಬಿದ್ದಿತು. ಮತ್ತು ವೇತನ 21,000ದ ಮಿತಿ ದಾಟಿದ್ದರಿಂದ ಅವನು ಇಎಸ್‌ಐ ವ್ಯಾಪ್ತಿಯಿಂದ ಹೊರಬಿದ್ದ, ಅದು ಅವನಿಗೂ ಗೊತ್ತಿರಲಿಲ್ಲ.

ಮಾಸ್ಟರ್ ತಪ್ಪು, ಹೆಚ್ಚು ಕೊಟ್ಟದ್ದನ್ನು ವಸೂಲು ಮಾಡಿ ಎಂದು ಅಲ್ಲಿಯ ಲೆಕ್ಕಪತ್ರ ವಿಭಾಗ ಹೊರಟಿತ್ತು. ನಾನು ಒಪ್ಪಲಿಲ್ಲ. ಮಾಸ್ಟರ್ ಇಲ್ಲಿ ನೇಮಕಾತಿ ಪತ್ರಕ್ಕೆ ನಿಷ್ಠವಾಗಿಯೇ ಇದೆ. ಭಿನ್ನವಾಗಿರುವುದು ಆಫರ್ ಲೆಟರ್ ಮತ್ತು ನೇಮಕಾತಿ ಪತ್ರದ ನಡುವೆ. ಆ ನೇಮಕಾತಿ ಪತ್ರದ ಕೊನೆಯಲ್ಲಿ, ಹಿಂದಿನ ಎಲ್ಲ ಪತ್ರಗಳ ಬದಲಿಗೆ ಇದೇ ಅನ್ವಯ ಎಂಬ ಷರತ್ತೂ ಇತ್ತು. ಸಂಸ್ಥೆಯೇ ಬರೆದ, ಸಂಸ್ಥೆಯೇ ಸಹಿ ಹಾಕಿದ ಸಾಲಿನ ಅಸ್ಪಷ್ಟತೆಯ ಹೊರೆಯನ್ನು ನೌಕರನ ತಲೆಗೆ ಕಟ್ಟಲು ಹೊರಟರೆ ಅದು ನಿಲ್ಲುವುದಿಲ್ಲ. ಕೊನೆಗೆ ಆಡಳಿತದವರು 22,000ವನ್ನೇ ಒಪ್ಪಿಕೊಂಡು, ಆ 2,436 ಯಾವ ಭತ್ಯೆ ಎಂದು ಲಿಖಿತವಾಗಿ ಸ್ಪಷ್ಟಪಡಿಸಿ, ನೇಮಕಾತಿ ಪತ್ರದ ನಮೂನೆಗೆ ಅನುಬಂಧವನ್ನು ಕಡ್ಡಾಯ ಮಾಡಿದರು. ಒಂದು ವೇಳೆ ಸಹಿಯಾದ ಅನುಬಂಧದಲ್ಲಿ 19,564 ಎಂದಿದ್ದು ಮಾಸ್ಟರ್‌ನಲ್ಲಿ ಮಾತ್ರ 22,000 ಇದ್ದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಆಗ ಹೆಚ್ಚುವರಿ ಪಾವತಿಯ ಹೊಂದಾಣಿಕೆಗೆ ಕಾನೂನಿನಲ್ಲಿ ಅವಕಾಶವಿದೆ, ಆದರೆ ಹಿಂದಿನ ತಿಂಗಳುಗಳ ಇಎಸ್‌ಐ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ, ಮತ್ತು ಆ ತಿಂಗಳುಗಳ ನೌಕರನ ಪಾಲನ್ನು ಈಗಿನ ಸಂಬಳದಿಂದ ಕಡಿಯಲು ಬರುವುದಿಲ್ಲ. ಅಂಥ ಕಡತಗಳನ್ನು ನಿಮ್ಮ ಪಿಎಫ್, ಇಎಸ್‌ಐ ಸಲಹೆಗಾರರ ಮುಂದಿಟ್ಟ ಮೇಲೆಯೇ ಮುಟ್ಟಿ. ಇನ್ನೊಂದು ಎಚ್ಚರಿಕೆ: 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ವೇತನದ ವ್ಯಾಖ್ಯೆ ಬದಲಾಗಿದೆ, ಹಳೆಯ ಪತ್ರಗಳನ್ನು ಹೊಸ ವ್ಯಾಖ್ಯೆಯಿಂದ ಅಳೆದು ವ್ಯತ್ಯಾಸ ಹುಡುಕಬೇಡಿ.

ಹುದ್ದೆಯ ವ್ಯತ್ಯಾಸ ಸಾಮಾನ್ಯವಾಗಿ ಸೋಮಾರಿತನದಿಂದ ಹುಟ್ಟುತ್ತದೆ. ಎರಡೂ ಪತ್ರಗಳಲ್ಲಿ ಗುಣಮಟ್ಟ ಸಹಾಯಕ ಎಂದಿದ್ದವನು ಮಾಸ್ಟರ್‌ನಲ್ಲಿ ಹೆಲ್ಪರ್ ಆಗಿದ್ದ, ಏಕೆಂದರೆ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಗುಣಮಟ್ಟ ಸಹಾಯಕ ಎಂಬ ಆಯ್ಕೆಯೇ ಇರಲಿಲ್ಲ, ಹತ್ತಿರದ್ದನ್ನು ಒತ್ತಿದರು. ಕನಿಷ್ಠ ವೇತನದ ದರ ಕುಶಲ, ಅಕುಶಲ ಎಂಬ ವರ್ಗದ ಮೇಲೆ ನಿಂತಿರುವುದರಿಂದ ಈ ಒಂದು ಒತ್ತು ಅವನ ವರ್ಗವನ್ನೇ ಬದಲಾಯಿಸಿಬಿಡುತ್ತದೆ. ಪತ್ರಗಳಲ್ಲಿರುವ ಹುದ್ದೆಗಳನ್ನೆಲ್ಲ ಒಮ್ಮೆ ಬರೆದು, ಸಾಫ್ಟ್‌ವೇರಿನ ಪಟ್ಟಿಯಲ್ಲಿಲ್ಲದವುಗಳನ್ನು ಗುರುತಿಸಿದರೆ ಇಂಥವೆಲ್ಲ ಒಟ್ಟಿಗೆ ಸಿಗುತ್ತವೆ.

ತಿದ್ದುವ ಹೊತ್ತಿನಲ್ಲಿ ಅವಸರ ಬೇಡ. ಪ್ರತಿ ತಿದ್ದುಪಡಿಗೂ ಹಳೆಯ ನಮೂದು, ಹೊಸ ನಮೂದು, ಆಧಾರವಾದ ಕಾಗದ, ಒಪ್ಪಿಗೆ ಕೊಟ್ಟವರ ಸಹಿ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ನೇಮಕಾತಿ ಪತ್ರದ ಮುದ್ರಿತ ತಾರೀಕನ್ನು ಈಗ ಪೆನ್ನಿನಿಂದ ತಿದ್ದಬೇಡಿ. ತಾವು ಹಾಜರಾದದ್ದು 05-08-2024ರಂದು, ಸೇವೆ ಅಂದಿನಿಂದಲೇ ಎಣಿಕೆಯಾಗುತ್ತದೆ ಎಂದು ಇಂದಿನ ದಿನಾಂಕದ ಒಂದು ತಿದ್ದುಪಡಿ ಪತ್ರ ಕೊಟ್ಟು, ಅದರ ಪ್ರತಿಗೆ ನೌಕರರ ಸಹಿ ಪಡೆಯಿರಿ. ಮಾಸ್ಟರ್‌ನಲ್ಲಿ ದಿನಾಂಕ ಬದಲಿಸುವುದು ಒಂದು ತಿಂಗಳ ಸಂಬಳ ಮುಗಿದು ಮುಂದಿನದು ಶುರುವಾಗುವ ನಡುವೆ ಆಗಬೇಕು, ಏಕೆಂದರೆ ಕೆಲವು ಸಾಫ್ಟ್‌ವೇರ್‌ಗಳು ಸೇರಿದ ದಿನಾಂಕ ಬದಲಾದ ಕೂಡಲೇ ಹಿಂದಿನ ತಿಂಗಳುಗಳನ್ನು ತಾವೇ ಮರುಲೆಕ್ಕ ಹಾಕಿ ಈ ತಿಂಗಳ ಸಂಬಳದಲ್ಲಿ ಕಡಿತ ತೋರಿಸುತ್ತವೆ. ಹಿಂಬಾಕಿಯ ಆ ಸೆಟ್ಟಿಂಗನ್ನು ಮೊದಲು ಮುಚ್ಚಿ, ಪ್ರಾಯೋಗಿಕವಾಗಿ ಒಮ್ಮೆ ಸಂಬಳ ಓಡಿಸಿ, ಹಿಂದಿನ ತಿಂಗಳ ನಿವ್ವಳ ಮೊತ್ತದೊಂದಿಗೆ ಹೋಲಿಸಿ. ರಜೆ, ಓವರ್‌ಟೈಮ್ ಬಿಟ್ಟರೆ ಬದಲಾವಣೆ ಕಾಣಬೇಕಾದದ್ದು ನಿಮ್ಮ ತಿದ್ದುಪಡಿ ಪಟ್ಟಿಯಲ್ಲಿ ವೇತನ ಬದಲಾದವರ ಸಾಲಿನಲ್ಲಿ ಮಾತ್ರ. ದಿನಾಂಕವಷ್ಟೇ ತಿದ್ದಿದವರ ನಿವ್ವಳ ಮೊತ್ತ ಒಂದು ರೂಪಾಯಿ ಅಲುಗಿದರೂ ಆ ತಿಂಗಳ ಸಂಬಳವನ್ನು ಬ್ಯಾಂಕಿಗೆ ಕಳುಹಿಸದೆ ನಿಲ್ಲಿಸಿ ಕಾರಣ ಹುಡುಕಿ.